ಸುಷ್ಮಾ ಅವರ ಜಾತಕ ನೋಡಿ ಬರೆದದ್ದು

ಸುಷ್ಮಾ ಅವರೇ, ನಿಮ್ಮ ಮೆಸೇಜನ್ನು ಮೂರು ಸಲ ಓದಿದೆ. ಅದರಲ್ಲಿ ಏಳು ಪ್ರಶ್ನೆ ಇವೆ, ಆದರೆ ಎಲ್ಲದರ ಕೆಳಗೂ ಒಂದೇ ಪ್ರಶ್ನೆ ಇದೆ: ನನಗೆ ಮಗು ಆಗುತ್ತಾ? ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದು ಬೇಡ. ನನಗೆ ಗೊತ್ತಿಲ್ಲ. ಆಗುತ್ತೆ ಅಂತಲೂ ಹೇಳಲಾರೆ, ಆಗಲ್ಲ ಅಂತಲೂ ಹೇಳಲಾರೆ. ಜಾತಕ ನೋಡಿ ತಿಂಗಳು, ವರ್ಷ ಬರೆದುಕೊಡುವವರು ಇದ್ದಾರೆ. ನಾನು ಆ ಗುಂಪಿಗೆ ಸೇರಿದವಳಲ್ಲ. ಇದನ್ನು ಓದಿ ಬೇಜಾರಾದರೆ ಇಲ್ಲೇ ನಿಲ್ಲಿಸಿ, ತಪ್ಪು ತಿಳಿಯಲ್ಲ.

ಇನ್ನು ಜಾತಕ. 1993ರ ಜುಲೈ, ಹಾಸನ, ಸಂಜೆ ಏಳೂವರೆ. ಮಕರ ಲಗ್ನ, ಕರ್ಕ ರಾಶಿ, ಆಶ್ಲೇಷಾ ನಕ್ಷತ್ರ. ಮಕ್ಕಳ ವಿಚಾರಕ್ಕೆ ಐದನೇ ಮನೆ ನೋಡುತ್ತೇವೆ. ನಿಮಗದು ವೃಷಭ. ಅಲ್ಲಿ ಕೇತು ಕೂತಿದ್ದಾನೆ. ನಿಮ್ಮನ್ನು ಹೆದರಿಸಿದವರು ಇದನ್ನೇ ತೋರಿಸಿ 'ಸರ್ಪದೋಷ' ಅಂದಿದ್ದಾರೆ. ಆದರೆ ಅದೇ ಮನೆಯಲ್ಲಿ ಶುಕ್ರ ಕೂಡ ಇದ್ದಾನೆ, ಅದು ಅವನ ಸ್ವಂತ ಮನೆ. ಒಂಬತ್ತರಲ್ಲಿರುವ ಗುರು ತನ್ನ ಒಂಬತ್ತನೇ ದೃಷ್ಟಿಯಿಂದ ಅದನ್ನೇ ನೋಡುತ್ತಿದ್ದಾನೆ. ಗುರು ಪುತ್ರಕಾರಕ. ಈ ಎರಡು ಮಾತನ್ನು ಅವರು ನಿಮಗೆ ಹೇಳಲೇ ಇಲ್ಲ, ಅಲ್ವಾ? ಹೇಳಿದ್ದರೆ ನಲವತ್ತೈದು ಸಾವಿರದ ಪೂಜೆ ಮಾರುವುದು ಕಷ್ಟವಾಗುತ್ತಿತ್ತು.

ಈಗ ನಾನೇ ಇನ್ನೊಂದು ಕಡೆ ಜಾರಬಾರದು. ಸದ್ಯ ನಿಮಗೆ ಶುಕ್ರ ದಶೆಯಲ್ಲಿ ಗುರು ಭುಕ್ತಿ. ಐದನೇ ಮನೆಯ ಯಜಮಾನನ ದಶೆ, ಮಕ್ಕಳ ಕಾರಕನ ಭುಕ್ತಿ. ಪಂಚಾಂಗ ಹಿಡಿದ ಯಾರಾದರೂ 'ಇನ್ನೇನು, ಈ ಭುಕ್ತಿ ಮುಗಿಯುವುದರೊಳಗೆ ತೊಟ್ಟಿಲು' ಅಂದುಬಿಡುತ್ತಾರೆ. ನನಗೂ ಹಾಗೆ ಬರೆಯುವ ಆಸೆ ಆಯಿತು, ಸುಳ್ಳು ಯಾಕೆ. ಆದರೆ ಇಷ್ಟೇ ಚೆನ್ನಾಗಿರುವ ಐದನೇ ಮನೆ ಇಟ್ಟುಕೊಂಡು ಮಕ್ಕಳಿಲ್ಲದ ಜಾತಕ ನನ್ನ ಹತ್ತಿರ ಇವೆ. ಐದರಲ್ಲಿ ಪಾಪಗ್ರಹಗಳ ಸಂತೆಯೇ ನೆರೆದಿದ್ದರೂ ಮೂರು ಮಕ್ಕಳ ತಾಯಿಯಾದವರದೂ ಇವೆ. ನಾನು ಇವತ್ತು ಆಸೆ ಹುಟ್ಟಿಸಿ, ಆ ಭುಕ್ತಿ ಸುಮ್ನೆ ಕಳೆದುಹೋದರೆ, ಆಮೇಲೆ ನೀವು ಶಾಸ್ತ್ರವನ್ನು ಬೈಯಲ್ಲ, ನಿಮ್ಮನ್ನೇ ಬೈದುಕೊಳ್ಳುತ್ತೀರಿ. ನಿಮ್ಮ ಮೆಸೇಜ್ ಓದಿದರೆ ಅದು ಗೊತ್ತಾಗುತ್ತೆ.

ಯಾಕೆಂದರೆ ನೀವು ಆಗಲೇ ಬೈದುಕೊಳ್ಳುತ್ತಿದ್ದೀರಿ. ಹೋದ ವರ್ಷ ಎಂಟು ವಾರಕ್ಕೆ ಗರ್ಭ ನಿಲ್ಲಲಿಲ್ಲ ಅಂತ ಬರೆದಿದ್ದೀರಿ, ಅದರ ಹಿಂದೆಯೇ 'ಸ್ಕೂಟರ್ ಓಡಿಸಿದ್ದಕ್ಕಾ, ಪಪ್ಪಾಯ ತಿಂದಿದ್ದಕ್ಕಾ, ಕುಲದೇವರ ಹರಕೆ ತೀರಿಸದೆ ಇದ್ದಿದ್ದಕ್ಕಾ' ಅಂತ ಪಟ್ಟಿ. ಜಾತಕದಲ್ಲಿ ಇದಕ್ಕೆ ಕಾರಣ ಹುಡುಕಿಕೊಡಿ ಅಂದಿರಿ. ಹುಡುಕಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ಲೆಕ್ಕ ತಪ್ಪಿರುವುದೇ ಕಾರಣ ಅನ್ನುತ್ತಾರೆ ಡಾಕ್ಟರುಗಳು. ಆ ಲೆಕ್ಕ ಗರ್ಭ ಕಟ್ಟುವ ಹೊತ್ತಿಗೇ ತಪ್ಪಿರುತ್ತೆ, ಸ್ಕೂಟರಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮದು ಯಾಕಾಯಿತೋ ನಾನು ಹೇಳಲಾರೆ, ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ. ಆದರೆ ನೀವು ಮಾಡಿದ ಪಟ್ಟಿಗೆ ನನ್ನಿಂದ ಒಂದು ಗ್ರಹವನ್ನೂ ಸೇರಿಸಲ್ಲ.

ಆಶ್ಲೇಷಾ ಅತ್ತೆಗೆ ಆಗಲ್ಲ ಅಂತ ಮನೆಯಲ್ಲಿ ಎತ್ತಿ ಆಡುತ್ತಾರೆ ಅಂದಿರಿ. ಈ ಮಾತು ನಮ್ಮ ಕಡೆ ಹಳೆಯದು, ಅದರಿಂದ ಎಷ್ಟು ಹೆಣ್ಣುಮಕ್ಕಳ ಮದುವೆ ಮುರಿದುಬಿತ್ತೋ ಲೆಕ್ಕವಿಲ್ಲ. ಅತ್ತೆಗೆ ಆಗದ್ದು ಈಗ ಮೊಮ್ಮಗುವಿಗೂ ಆಗಲ್ಲ ಅಂತ ಬೆಳೆಸಿದ್ದಾರೆ ನೋಡಿ. ಬಿಡಿ ಅದನ್ನ.

ಇದಕ್ಕಿಂತ ಮುಖ್ಯ ಒಂದಿದೆ. ನೀವು ನಿಮ್ಮ ಜಾತಕ ಮಾತ್ರ ಕಳಿಸಿದ್ದೀರಿ. ನಿಮ್ಮ ಯಜಮಾನರದು ಎಲ್ಲಿ? ಹಳೇ ಶಾಸ್ತ್ರದಲ್ಲೇ ಸಂತಾನಕ್ಕೆ ಎರಡು ಲೆಕ್ಕ ಇವೆ: ಗಂಡನಿಗೆ ಬೀಜಸ್ಫುಟ, ಹೆಂಡತಿಗೆ ಕ್ಷೇತ್ರಸ್ಫುಟ. ಸೂರ್ಯ, ಶುಕ್ರ, ಗುರುಗಳ ಸ್ಫುಟ, ಅಂದರೆ ಅವರು ನಿಂತಿರುವ ಡಿಗ್ರಿ, ಕೂಡಿದರೆ ಬೀಜ. ಚಂದ್ರ, ಕುಜ, ಗುರುಗಳದ್ದು ಕೂಡಿದರೆ ಕ್ಷೇತ್ರ. ಎರಡನ್ನೂ ನೋಡದೆ ಬಾಯಿ ತೆಗೆಯಬಾರದು ಅಂತ ನನ್ನ ತಂದೆ ಹೇಳುತ್ತಿದ್ದರು. ಹೆಂಡತಿ ಒಬ್ಬಳೇ ಬಂದು ಕೂತರೆ 'ಹೋಗಿ ಅವನನ್ನೂ ಕರಕೊಂಡು ಬಾ ತಾಯಿ' ಅಂತ ವಾಪಸ್ ಕಳಿಸುತ್ತಿದ್ದರು. ಪ್ರಯತ್ನ ಶುರು ಮಾಡಿ ಎರಡೂವರೆ ವರ್ಷದಲ್ಲಿ ನಿಮಗೆ ಸ್ಕ್ಯಾನ್, ಎಎಂಎಚ್, ಥೈರಾಯ್ಡ್, ಟ್ಯೂಬ್ ಟೆಸ್ಟ್ ಎಲ್ಲ ಆಗಿದೆ. ಅವರಿಗೆ ವೀರ್ಯ ಪರೀಕ್ಷೆ ಒಂದೂ ಆಗಿಲ್ಲ. ಗರ್ಭ ಒಂದು ಸಲ ಕಟ್ಟಿತ್ತಲ್ಲ, ಅವರಿಗೇನು ಪರೀಕ್ಷೆ ಅಂತ ಮನೆಯವರು ಅಂದರೆ, ಅದು ಸಾಕಾಗುವ ಉತ್ತರ ಅಲ್ಲ. ಅದು ಸುಲಭದ ಟೆಸ್ಟ್, ಸೂಜಿ ಚುಚ್ಚುವುದೂ ಇಲ್ಲ. ಗಂಡಸಿನ ಕಡೆಯಿಂದಲೂ ತೊಂದರೆ ಇರಬಹುದು, ಅದೇನೂ ಅಪರೂಪವಲ್ಲ. ಶಾಸ್ತ್ರದ ಹೆಸರಿನಲ್ಲಿ ಹೇಳಿದರೆ ಕೇಳುತ್ತಾರೆ ಅನ್ನುವುದಾದರೆ ನನ್ನ ಹೆಸರು ಹೇಳಿ, 'ಬೀಜ ನೋಡದೆ ಕ್ಷೇತ್ರ ನೋಡಲ್ಲ ಅಂದರು' ಅಂತ.

ಕುಕ್ಕೆಗೆ ಹೋಗಬೇಕಾ ಅಂತ ಕೇಳಿದ್ದೀರಿ. ಸರ್ಪಸಂಸ್ಕಾರ ಎರಡು ದಿನದ ಕೆಲಸ. ನಿಮಗೆ ಮನಸ್ಸಿದ್ದರೆ ಮಾಡಿ, ಇದರಿಂದ ಮಗು ಆಗುತ್ತೆ ಅನ್ನುವ ಲೆಕ್ಕದಲ್ಲಿ ಮಾತ್ರ ಬೇಡ. ಸಾಲ ಮಾಡಿ ಯಾವ ಪೂಜೆಯೂ ಬೇಡ. ಬೆಂಗಳೂರಿನಲ್ಲಿದ್ದೀರಿ, ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿದರೆ ದೊಡ್ಡಮಳೂರು. ಅಲ್ಲಿ ಅಂಬೆಗಾಲು ಕೃಷ್ಣ ಇದ್ದಾನೆ, ಮಕ್ಕಳು ಬೇಕು ಅನ್ನುವವರು ಪುಟ್ಟ ತೊಟ್ಟಿಲು ಹರಕೆ ಹೊರುತ್ತಾರೆ. ಕೆಲವರಿಗೆ ಅಲ್ಲಿ ಹೋಗಿ ಅತ್ತು ಬಂದರೆ ಹಗುರವಾಗುತ್ತೆ, ಕೆಲವರಿಗೆ ಆ ತೊಟ್ಟಿಲುಗಳನ್ನು ನೋಡಿದರೇ ಹೊಟ್ಟೆ ಕಿವುಚುತ್ತೆ. ನೀವು ಯಾರು ಅಂತ ನಿಮಗೇ ಗೊತ್ತು. ಸೋಮವಾರದ ಉಪವಾಸ ಮಾತ್ರ ಡಾಕ್ಟರನ್ನು ಕೇಳದೆ ಹಿಡಿಯಬೇಡಿ. ಥೈರಾಯ್ಡ್ ಮಾತ್ರೆ, ಫೋಲಿಕ್ ಆಸಿಡ್ ಯಾವ ವ್ರತಕ್ಕೂ ನಿಲ್ಲಿಸಬೇಡಿ.

'ಗಂಡು ಯೋಗ ಇದೆಯಾ' ಅನ್ನುವುದು ನಿಮ್ಮ ಪ್ರಶ್ನೆ ಅಲ್ಲ ಅಂತ ಗೊತ್ತು, ಯಾರೋ ಪಕ್ಕದಲ್ಲಿ ಕೂತು ಬರೆಸಿದ್ದು. ಭ್ರೂಣದ ಲಿಂಗ ಪತ್ತೆ ಮಾಡುವುದು 1994ರ ಕಾಯ್ದೆ ಪ್ರಕಾರ ಅಪರಾಧ. ಇನ್ನೂ ಕಟ್ಟದ ಗರ್ಭಕ್ಕೆ ಜಾತಕದಲ್ಲಿ ಲಿಂಗ ಹುಡುಕುವ ಕೆಲಸ ನಾನು ಮಾಡಲ್ಲ.

ನಿದ್ದೆ ಬರುತ್ತಿಲ್ಲ ಅಂದಿರಿ, ಪಿರಿಯಡ್ಸ್ ಹತ್ತಿರ ಬಂದರೆ ಕೈ ನಡುಗುತ್ತೆ ಅಂದಿರಿ. ನಿಮ್ಮ ಚಂದ್ರ ಸ್ವಂತ ಮನೆಯಲ್ಲಿದ್ದಾನೆ, ಆದರೆ ಅಮಾವಾಸ್ಯೆ ಆದ ಮಾರನೇ ದಿನದ ಚಂದ್ರ, ತೀರಾ ಸಣ್ಣದು. ಇಂಥವರು ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುತ್ತಾರೆ ಅನ್ನುತ್ತೇವೆ. ಜಾತಕ ನಂಬಿದರೂ ಬಿಟ್ಟರೂ ಇದನ್ನು ಯಾರ ಹತ್ತಿರವಾದರೂ ಆಡಿ. ಸರ್ಕಾರದ ಟೆಲಿ ಮಾನಸ್ ಇದೆ, 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೇಬಿ ಶವರ್‌ಗೆ, ನಾಮಕರಣಕ್ಕೆ ಕರೆದರೆ ಹೋಗಲೇಬೇಕು ಅಂತಿಲ್ಲ. 'ಹುಷಾರಿಲ್ಲ' ಅಂದರೆ ಸಾಕು.

ಯಜಮಾನರ ಹುಟ್ಟಿದ ಸಮಯ ಸಿಕ್ಕರೆ ಕಳಿಸಿ, ನೋಡುತ್ತೇನೆ, ಆಗಲೂ ತಾರೀಕು ಕೊಡಲ್ಲ. ಈ ಸಲಕ್ಕೆ ದಕ್ಷಿಣೆ ಬೇಡ. ಮತ್ತೆ, ಮಂಗಳವಾರ ಮೂರೂವರೆಗೆ ಸ್ಕ್ಯಾನ್ ಇದೆ, ಆಗ ರಾಹುಕಾಲ, ಬೇರೆ ದಿನ ಹಾಕಿಸಿಕೊಳ್ಳಲಾ ಅಂತ ಕೇಳಿದ್ದೀರಲ್ಲ. ಆ ಸ್ಕ್ಯಾನಿಗೆ ನಿಮ್ಮ ತಿಂಗಳ ಲೆಕ್ಕ ಮುಖ್ಯ. ರಾಹುಕಾಲದಲ್ಲೇ ಹೋಗಿ ಬನ್ನಿ.