ವಯಸ್ಸಾದ ರೋಗಿಗಳಲ್ಲಿ ಬೀಳುವ ಅಪಾಯ, ಪಾಲಿಫಾರ್ಮಸಿ ಮತ್ತು ಡೆಲಿರಿಯಂ: ಒಂದು ಕೇಸ್ ಸ್ಟಡಿ

ಬಿ.ಎಸ್ಸಿ. ನರ್ಸಿಂಗ್, ಮೂರನೇ ವರ್ಷ. ಪುರುಷರ ಮೆಡಿಕಲ್ ವಾರ್ಡ್. ಗೌಪ್ಯತೆಗಾಗಿ ರೋಗಿಯ ಹೆಸರು ಬರೆದಿಲ್ಲ.

ರೋಗಿಯ ವಿವರ

78 ವರ್ಷದ ರೈತರು. ನ್ಯುಮೋನಿಯಾ ಆಗಿ ಅಡ್ಮಿಟ್ ಆದರು. ಬಿಪಿ, ಶುಗರ್ ಎರಡೂ ಹಳೆಯವು. ಮೊದಲ ದಿನ ಊರು, ವಾರ, ಮಕ್ಕಳ ಹೆಸರು ಎಲ್ಲ ಸರಿಯಾಗಿ ಹೇಳಿದರು. ಎರಡನೇ ರಾತ್ರಿ ಹಾಸಿಗೆಯಿಂದ ಇಳಿದು, ಡ್ರಿಪ್ ಸ್ಟ್ಯಾಂಡ್ ಹಿಡಿದುಕೊಂಡು ಬಾಗಿಲ ಕಡೆ ಹೊರಟಿದ್ದರು. "ದನಕ್ಕೆ ನೀರಿಟ್ಟಿಲ್ಲ, ಬಿಡವ್ವ" ಅಂದರು. ಬೆಳಿಗ್ಗೆ ಕೇಸ್ ಶೀಟ್‌ನಲ್ಲಿ "ರೋಗಿ ಸಹಕರಿಸುತ್ತಿಲ್ಲ" ಅಂತ ಬರೆದಿತ್ತು. ಈ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆ ಬರೆದುಬಿಟ್ಟರೆ ಕಾರಣ ಹುಡುಕುವುದು ಅಲ್ಲಿಗೇ ನಿಂತುಹೋಗುತ್ತದೆ.

ಡೆಲಿರಿಯಂ ಎಂದು ಗುರುತಿಸಿದ ರೀತಿ

ಮೊದಲು ಗ್ಲೂಕೋಮೀಟರ್‌ನಲ್ಲಿ ಶುಗರ್, ಆಮೇಲೆ ಆಕ್ಸಿಜನ್ ಮತ್ತು ಜ್ವರ ನೋಡಿದೆವು. ಊಟ ಕಮ್ಮಿಯಾಗಿ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಮುಂದುವರಿದಿದ್ದರೆ ಶುಗರ್ ಇಳಿದೂ ಹೀಗಾಗಬಹುದು. ಇವರಿಗೆ ಶುಗರ್ ಸರಿಯಿತ್ತು. ನಂತರ ಡೆಲಿರಿಯಂ, ಅಂದರೆ ದಿಢೀರ್ ಬರುವ ತಲೆಗೊಂದಲ, ಇದೆಯೇ ಎಂದು ನೋಡುವ ಕ್ಯಾಮ್ ಪರೀಕ್ಷೆ. ಗೊಂದಲ ದಿಢೀರ್ ಶುರುವಾಗಿ ಏರಿಳಿಯುತ್ತಿರಬೇಕು, ಗಮನ ನಿಲ್ಲಬಾರದು. ಇವೆರಡರ ಜೊತೆ ಮಾತು ಅಸ್ತವ್ಯಸ್ತವಾಗಿರಬೇಕು ಇಲ್ಲವೇ ಎಚ್ಚರದ ಮಟ್ಟ ಬದಲಾಗಿರಬೇಕು. "ಅಜ್ಜ, ವಾರಗಳನ್ನು ಹಿಂದಿನಿಂದ ಹೇಳಿ" ಅಂದೆ. ಶನಿವಾರ, ಶುಕ್ರವಾರ ಅಂದವರು ಫ್ಯಾನ್ ನೋಡುತ್ತಾ ಕೂತರು. ಮರೆಗುಳಿತನ ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಇದು ಒಂದೇ ರಾತ್ರಿಯಲ್ಲಿ ಬಂದದ್ದು. ಮನೆಯವರನ್ನು "ಮೊದಲೂ ಹೀಗೇ ಇದ್ದರಾ?" ಅಂತ ಕೇಳದೆ ಇದು ಗೊತ್ತಾಗುವುದಿಲ್ಲ.

ಮಾತ್ರೆಗಳ ಕವರ್

ಸೊಸೆಗೆ ಹೇಳಿ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ತರಿಸಿದೆವು. ಪ್ಲಾಸ್ಟಿಕ್ ಕವರ್‌ನಲ್ಲಿ ಎಂಟು ಬಗೆ ಇದ್ದವು. ಸಾಮಾನ್ಯವಾಗಿ ಐದು ಅಥವಾ ಜಾಸ್ತಿ ಔಷಧಿ ಇದ್ದರೆ ಪಾಲಿಫಾರ್ಮಸಿ ಅನ್ನುತ್ತಾರೆ. ನನ್ನ ಪ್ರಕಾರ ಎಣಿಕೆಗಿಂತ ಒಂದೊಂದೂ ಯಾಕೆ ಬಂತು ಅನ್ನುವುದೇ ಮುಖ್ಯ. ಬಿಪಿಗೆ ಆಮ್ಲೋಡಿಪಿನ್ ಕೊಟ್ಟಿದ್ದರು. ಅದರಿಂದ ಪಾದ ಊದಿಕೊಳ್ಳಬಹುದು. ಊತಕ್ಕೆ ಬೇರೊಂದು ಕ್ಲಿನಿಕ್‌ನಲ್ಲಿ ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಸೇರಿತು. ಅದನ್ನು ಸಂಜೆ ನುಂಗುತ್ತಿದ್ದರು, ರಾತ್ರಿಯೆಲ್ಲ ಮೂತ್ರಕ್ಕೆ ಏಳುತ್ತಿದ್ದರು. ನಿದ್ದೆ ಇಲ್ಲ ಅಂತ ನಿದ್ದೆ ಬರಿಸುವ ಆಲ್ಪ್ರಜೋಲಮ್ ಬಂತು. ಕಾಲುರಿಗೆ ಅಮಿಟ್ರಿಪ್ಟಿಲಿನ್, ನೆಗಡಿಗೆ ಮೆಡಿಕಲ್ ಶಾಪ್‌ನಿಂದ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆ. ಈ ಕೊನೆಯ ಎರಡೂ ಸೇರಿದರೆ ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಮೂತ್ರ ಕಟ್ಟಬಹುದು, ತಲೆ ಗೊಂದಲವಾಗುತ್ತದೆ. 2023ರ ಬೀರ್ಸ್ ಪಟ್ಟಿ ಈ ಎರಡನ್ನೂ, ಆಲ್ಪ್ರಜೋಲಮ್ ಗುಂಪನ್ನೂ ವಯಸ್ಸಾದವರಿಗೆ ಆದಷ್ಟು ಬೇಡ ಅನ್ನುತ್ತದೆ.

ಇನ್ನೊಂದು ವಿಷಯ. ಆಲ್ಪ್ರಜೋಲಮ್ ನಮ್ಮ ಚಾರ್ಟ್‌ನಲ್ಲಿ ಇರಲೇ ಇಲ್ಲ. ದಿನಾ ತಗೊಳ್ಳುತ್ತಿದ್ದವರಿಗೆ ಅದು ಒಮ್ಮೆಲೇ ನಿಂತರೂ ಡೆಲಿರಿಯಂ ಬರಬಹುದು. ಹಾಗಾಗಿ ಇದನ್ನು ತಕ್ಷಣ ವೈದ್ಯರಿಗೆ ತಿಳಿಸಿದೆವು. ಅವರು ಹಂತಹಂತವಾಗಿ ಇಳಿಸಲು ಬರೆದರು, ನೆಗಡಿ ಮಾತ್ರೆ ನಿಲ್ಲಿಸಿದರು, ಫ್ಯೂರೋಸಮೈಡನ್ನು ಬೆಳಿಗ್ಗೆಗೆ ಬದಲಿಸಿದರು.

ಬೀಳುವ ಅಪಾಯ

ಅಡ್ಮಿಟ್ ಆದ ದಿನ ಮಾರ್ಸ್ ಸ್ಕೇಲ್‌ನಲ್ಲಿ 75 ಬಂದಿತ್ತು: ಒಂದಕ್ಕಿಂತ ಹೆಚ್ಚು ಕಾಯಿಲೆಗೆ 15, ಮಂಚ ಗೋಡೆ ಹಿಡಿದು ನಡೆಯುವುದಕ್ಕೆ 30, ಡ್ರಿಪ್‌ಗೆ 20, ಬಲವಿಲ್ಲದ ನಡಿಗೆಗೆ 10. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದಿದ್ದರು ಅಂತ ಸೊಸೆ ಆಮೇಲೆ ಹೇಳಿದರು. ಅದಕ್ಕೆ 25 ಸೇರಿತು, ಗೊಂದಲಕ್ಕೆ ಇನ್ನೂ 15. ಒಟ್ಟು 115. ಸಾಮಾನ್ಯವಾಗಿ 45 ದಾಟಿದರೇ ಜಾಸ್ತಿ ಅಪಾಯ. ಮಲಗಿದ್ದಾಗ ಬಿಪಿ 138/80, ನಿಂತು ಮೂರು ನಿಮಿಷಕ್ಕೆ 112/70. ಮೇಲಿನ ಬಿಪಿ 20ಕ್ಕಿಂತ ಹೆಚ್ಚು ಇಳಿದಿದೆ, ಅಂದರೆ ಎದ್ದ ಕೂಡಲೇ ತಲೆ ತಿರುಗಬಹುದು.

ಶುಶ್ರೂಷೆ

ಕೈ ಕಟ್ಟಲಿಲ್ಲ. ಕಟ್ಟಿದರೆ ಗಾಬರಿ ಜಾಸ್ತಿಯಾಗುತ್ತದೆ, ಗಾಯವೂ ಆಗುತ್ತದೆ. ಗೊಂದಲದಲ್ಲಿರುವವರು ಮಂಚದ ಕಂಬಿ ಹತ್ತಿ ಇನ್ನೂ ಎತ್ತರದಿಂದ ಬೀಳಬಹುದು. ಅದಕ್ಕೆ ಎರಡೂ ಕಡೆ ಕಂಬಿ ಏರಿಸುವ ಬದಲು ಮಂಚವನ್ನು ಪೂರ್ತಿ ತಗ್ಗಿಸಿ ಚಕ್ರದ ಬ್ರೇಕ್ ಹಾಕಿದೆವು. ಕನ್ನಡಕ ಬ್ಯಾಗಿನಲ್ಲೇ ಉಳಿದಿತ್ತು, ತೆಗೆದು ಹಾಕಿಸಿದೆವು. ಹಗಲು ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂರಿಸಿದೆವು. ಕುಡಿಯಲು ಆಗಾಗ ನೀರು, ಮಲಗುವ ಮುಂಚೆ ಟಾಯ್ಲೆಟ್‌ಗೆ ಕೈಹಿಡಿದು ಕರೆದೊಯ್ಯುವುದು. ಕ್ಯಾಥೆಟರ್ ಬೇಡ ಅಂತ ನಿರ್ಧಾರವಾಯಿತು. ರಾತ್ರಿ ಮಗನೇ ಪಕ್ಕದಲ್ಲಿ ಇದ್ದರು. "ದನ ಇಲ್ಲಿಲ್ಲ" ಅಂತ ವಾದಿಸುವ ಬದಲು "ನಾ ನೀರಿಟ್ಟು ಬಂದೀನಪ್ಪ" ಅಂದರು. ಅಜ್ಜ ಸುಮ್ಮನೆ ಮಲಗಿದರು. ಶಾಂತಗೊಳಿಸುವ ಔಷಧಿ ಹ್ಯಾಲೊಪೆರಿಡಾಲ್ ಬೇಕಾಗಲಿಲ್ಲ.

ಎದ್ದು ಓಡಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಮಂಕಾಗಿ ಮಲಗಿಬಿಡುವ ಡೆಲಿರಿಯಂ ಹಾಗಲ್ಲ. "ಪಾಪ, ತೊಂದರೆನೇ ಕೊಡಲ್ಲ" ಅನಿಸಿಕೊಳ್ಳುವ ರೋಗಿಗೂ ಪ್ರತಿ ಶಿಫ್ಟ್‌ನಲ್ಲಿ ಕ್ಯಾಮ್ ಮಾಡಬೇಕು.

ಫಲಿತಾಂಶ

ಐದನೇ ದಿನ ಕ್ಯಾಮ್ ನೆಗೆಟಿವ್ ಬಂತು. ವಾರ್ಡ್‌ನಲ್ಲಿ ಒಮ್ಮೆಯೂ ಬೀಳಲಿಲ್ಲ. ಡಿಸ್ಚಾರ್ಜ್ ವೇಳೆ ಪರಿಷ್ಕೃತ ಮಾತ್ರೆ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಸೊಸೆಗೆ ಕೊಟ್ಟೆವು. ಗೊಂದಲ ಪೂರ್ತಿ ಹೋಗಲು ಕೆಲವು ವಾರ ಹಿಡಿಯಬಹುದು, ಮತ್ತೆ ಹೆಚ್ಚಾದರೆ ತಕ್ಷಣ ಕರೆತನ್ನಿ ಎಂದು ಹೇಳಿದೆವು. ಅಮಿಟ್ರಿಪ್ಟಿಲಿನ್ ಬದಲು ಬೇರೆ ಔಷಧಿ ಕೊಡುವ ವಿಚಾರ ಮುಂದಿನ ಓಪಿಡಿ ಭೇಟಿಗೆ ಉಳಿದಿದೆ. ಪಟ್ಟಿಯಲ್ಲಿ ಅದರ ಮುಂದೆ ಕೆಂಪು ಪೆನ್ನಿನಲ್ಲಿ "ಡಾಕ್ಟರನ್ನು ಕೇಳಿ" ಎಂದು ಬರೆದಿದ್ದೇವೆ.