ಹಜ್ಜಿನ ವಿಧಿಗಳು: ಕ್ರಮ, ಅರ್ಥ ಮತ್ತು ಕಾರ್ಡ್ ಜೋಡಿಸುವ ಆಟ

ಒಂಬತ್ತನೇ ತರಗತಿ, 40 ನಿಮಿಷದ ಎರಡು ಪೀರಿಯಡ್, ಐದೈದು ಮಕ್ಕಳ ಆರು ಗುಂಪು. ಪ್ರತಿ ಗುಂಪಿಗೂ 17 ವಿಧಿ ಕಾರ್ಡ್, 8 ಅರ್ಥ ಕಾರ್ಡ್. ವಿಧಿ ಕಾರ್ಡನ್ನು ಬಿಳಿ ರಟ್ಟಿನಲ್ಲೂ ಅರ್ಥ ಕಾರ್ಡನ್ನು ಹಳದಿ ರಟ್ಟಿನಲ್ಲೂ ಮಾಡಿಕೊಳ್ಳಿ. ಒಂದೇ ಬಣ್ಣದಲ್ಲಿ ಮಾಡಿದರೆ ಎರಡೂ ಬೆರೆತುಹೋಗಿ, ಬೇರ್ಪಡಿಸುವುದರಲ್ಲೇ ಹತ್ತು ನಿಮಿಷ ಕಳೆಯುತ್ತದೆ.

ಮೊದಲೇ ಒಂದು ಮಾತು: ಇದು ಕಾರ್ಡ್ ಜೋಡಿಸುವ ಆಟ, ಹಜ್ಜಿನ ಅಭಿನಯವಲ್ಲ. ರಟ್ಟಿನ ಪೆಟ್ಟಿಗೆಯನ್ನು ಕಾಬಾ ಎಂದು ನಡುವೆ ಇಟ್ಟು ಮಕ್ಕಳನ್ನು ಸುತ್ತು ಹಾಕಿಸುವುದು, ಕಾಗದದ ಉಂಡೆ ಎಸೆಸುವುದು ಬೇಡ. ನಂಬುವ ಮನೆಯ ಮಗುವಿಗೆ ಅದು ಆರಾಧನೆಯ ಅಣಕವಾಗಿ ಕಾಣಬಹುದು. ನಂಬದ ಮಗುವಿಗೆ ಬೇರೆಯವರ ಆರಾಧನೆ ಮಾಡಿಸಿದಂತೆ ಆಗಬಹುದು.

ಶಿಕ್ಷಕರಿಗೆ: ಕಾರ್ಡ್ ಹಂಚುವ ಮುನ್ನ ತಿಳಿದಿರಬೇಕಾದದ್ದು

ಹಜ್ಜನ್ನು ಮೂರು ಬಗೆಯಲ್ಲಿ ಮಾಡಬಹುದು: ಇಫ್ರಾದ್, ಕಿರಾನ್, ತಮತ್ತುಅ್. ದೂರದ ದೇಶಗಳಿಂದ ಬರುವ ಹೆಚ್ಚಿನವರು ಮಾಡುವುದು ತಮತ್ತುಅ್. ಅಂದರೆ ಮೊದಲು ಉಮ್ರಾ ಎಂಬ ಕಿರುಯಾತ್ರೆ ಮುಗಿಸಿ, ಇಹ್ರಾಮ್ ಬಿಚ್ಚಿ, ನಂತರ ಹಜ್ಜಿಗೆ ಹೊಸದಾಗಿ ಇಹ್ರಾಮ್ ಕಟ್ಟುವುದು. ಈ ಆಟ ಇರುವುದೂ ಅದೇ ಕ್ರಮದಲ್ಲಿ. ಇದನ್ನು ಹೇಳದೆ ಆಟ ಶುರುಮಾಡಿದರೆ "ಇಹ್ರಾಮ್ ಎರಡು ಸಲ ಯಾಕೆ ಬಂತು?" ಎಂಬಲ್ಲೇ ಗುಂಪುಗಳು ನಿಂತುಬಿಡುತ್ತವೆ.

ಇಹ್ರಾಮ್ ಬರೀ ಬಟ್ಟೆಯಲ್ಲ, ಅದೊಂದು ಸ್ಥಿತಿ. ಗಂಡಸರಿಗೆ ಹೊಲಿಗೆಯಿಲ್ಲದ ಎರಡು ಬಟ್ಟೆ; ಹೆಂಗಸರಿಗೆ ಮೈಮುಚ್ಚುವ ಸಾಮಾನ್ಯ ಉಡುಪು, ಅದು ಬಿಳಿಯೇ ಆಗಬೇಕೆಂದಿಲ್ಲ. ಆ ಸ್ಥಿತಿಯಲ್ಲಿ ಸುಗಂಧ ಹಚ್ಚುವಂತಿಲ್ಲ, ಕೂದಲು ಉಗುರು ಕತ್ತರಿಸುವಂತಿಲ್ಲ, ಬೇಟೆಯಾಡುವಂತಿಲ್ಲ, ದಾಂಪತ್ಯ ಸಂಬಂಧವಿಲ್ಲ, ಜಗಳವಿಲ್ಲ. ಜಗಳದ ನಿಷೇಧ ಕುರ್‌ಆನಿನಲ್ಲೇ (2:197) ಇದೆ. ಮೀಕಾತ್ ಎಂಬ ಗಡಿಯನ್ನು ದಾಟುವ ಮುನ್ನವೇ ಇಹ್ರಾಮ್ ಕಟ್ಟಬೇಕು. ವಿಮಾನದಲ್ಲಿ ಬರುವವರಿಗೆ ಆ ಗಡಿ ಆಕಾಶದಲ್ಲೇ ದಾಟಿಹೋಗುವುದರಿಂದ, ಅವರು ಹತ್ತುವ ಮುನ್ನವೇ ಬಟ್ಟೆ ಉಟ್ಟು ಸಿದ್ಧರಾಗಿರುತ್ತಾರೆ.

ತವಾಫ್ ಎಂದರೆ ಕಾಬಾಕ್ಕೆ ಏಳು ಸುತ್ತು. ಕಾಬಾ ಎಡಗಡೆ ಇರಬೇಕು, ಶುರು ಮತ್ತು ಕೊನೆ ಎರಡೂ ಹಜರುಲ್ ಅಸ್ವದ್ ಇರುವ ಮೂಲೆಯಲ್ಲಿ. ಆ ಕಪ್ಪು ಕಲ್ಲನ್ನು ಮುಸ್ಲಿಮರು ಪೂಜಿಸುತ್ತಾರೆಂಬ ಮಾತು ತರಗತಿಯಲ್ಲಿ ಬಂದೇ ಬರುತ್ತದೆ. ಎರಡನೇ ಖಲೀಫ ಉಮರ್ ಅದಕ್ಕೆ ಮುತ್ತಿಡುವಾಗ, ನೀನು ಒಳಿತನ್ನೂ ಕೆಡುಕನ್ನೂ ಮಾಡಲಾರದ ಕಲ್ಲು, ಪ್ರವಾದಿಯವರು ಮುತ್ತಿಟ್ಟದ್ದನ್ನು ಕಾಣದಿದ್ದರೆ ನಾನೂ ಇಡುತ್ತಿರಲಿಲ್ಲ ಎಂದದ್ದು ಹದೀಸ್‌ನಲ್ಲಿ ದಾಖಲಾಗಿದೆ. ಆ ಪ್ರಶ್ನೆಗೆ ಅದೇ ಉತ್ತರ ಸಾಕು. ನೂಕುನುಗ್ಗಲಿನಲ್ಲಿ ದೂರದಿಂದ ಕೈ ಎತ್ತಿ ಸನ್ನೆ ಮಾಡಿ ಮುಂದೆ ಹೋದರೂ ಆಗುತ್ತದೆ.

ಮಕ್ಕಳು ಹೆಚ್ಚು ಎಡವುವುದು ದಿನಾಂಕದಲ್ಲಿ. ಇಲ್ಲಿನ ದಿನಾಂಕಗಳೆಲ್ಲ ದುಲ್‌ಹಿಜ್ಜಾ ತಿಂಗಳವು; ಈ ಚಾಂದ್ರಮಾನ ತಿಂಗಳಲ್ಲಿ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಹಾಗಾಗಿ 9ರ ಸಂಜೆ ಅರಫಾ ಬಯಲನ್ನು ಬಿಟ್ಟು ಮುಝ್ದಲಿಫಾದಲ್ಲಿ ಕಳೆಯುವ ರಾತ್ರಿ ಲೆಕ್ಕದಲ್ಲಿ 10ಕ್ಕೆ ಸೇರುತ್ತದೆ. ಆ ಕಾರ್ಡನ್ನು 9 ಮತ್ತು 10ರ ನಡುವಿನ ಗೆರೆಯ ಮೇಲೆ ಇಟ್ಟ ಗುಂಪಿಗೆ ಪೂರ್ತಿ ಅಂಕ ಕೊಡಿ.

ಅರಫಾದ ನಿಲುಗಡೆ ಹಜ್ಜಿನ ತಿರುಳು. "ಹಜ್ ಎಂದರೆ ಅರಫಾ" ಎಂದೇ ಪ್ರವಾದಿವಚನವಿದೆ. ನೋಡುವವರಿಗೆ ಅಲ್ಲಿ ಏನೂ ನಡೆಯುವುದಿಲ್ಲ. ಸುತ್ತುವುದಿಲ್ಲ, ಎಸೆಯುವುದಿಲ್ಲ. ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ಬಯಲಿನಲ್ಲಿದ್ದು ಪ್ರಾರ್ಥಿಸುವುದು, ಅಷ್ಟೇ. ಆದರೂ ಉಳಿದ ಎಷ್ಟೋ ಲೋಪಗಳಿಗೆ ಪ್ರಾಣಿಬಲಿಯ ಪರಿಹಾರ (ದಮ್) ಇದೆ, ಇದು ತಪ್ಪಿದರೆ ಮಾತ್ರ ಆ ವರ್ಷದ ಹಜ್ಜೇ ಇಲ್ಲ. ಕ್ರಿ.ಶ. 632ರಲ್ಲಿ ಪ್ರವಾದಿ ಮುಹಮ್ಮದರು ವಿದಾಯ ಭಾಷಣ ಮಾಡಿದ್ದೂ ಇಲ್ಲೇ.

ವಿಧಿ ಕಾರ್ಡ್‌ಗಳು (ಬಿಳಿ)

ಅಕ್ಷರಗಳು ಕ್ರಮಸೂಚಕವಲ್ಲ. ಇದ್ದಂತೆಯೇ ಕತ್ತರಿಸಿ.

ಕ. ಬಯಲಿನಲ್ಲೇ ರಾತ್ರಿ. ಮಗ್ರಿಬ್ ಮತ್ತು ಇಶಾ ನಮಾಜ್ ಒಟ್ಟಿಗೆ. ಕಡಲೆಕಾಳಿಗಿಂತ ತುಸು ದೊಡ್ಡ ಹರಳುಗಳನ್ನು ಆರಿಸಿಕೊಳ್ಳುತ್ತಾರೆ.

ಗ. ಇಹ್ರಾಮ್‌ನಲ್ಲೇ ಸಫಾದಿಂದ ಮರ್ವಾಕ್ಕೆ, ಮರ್ವಾದಿಂದ ಸಫಾಕ್ಕೆ, ಒಟ್ಟು ಏಳು ನಡಿಗೆ. ಕೊನೆ ಮರ್ವಾದಲ್ಲಿ.

ಚ. ಆಡು, ಕುರಿ ಅಥವಾ ಒಂಟೆ, ದನದಲ್ಲಿ ಒಂದು ಪಾಲು: ಬಲಿ ಅರ್ಪಣೆ. ಮಾಂಸ ಬಡವರಿಗೂ ಸಲ್ಲುತ್ತದೆ.

ಜ. ಮೀಕಾತ್. ಸ್ನಾನ, ಇಹ್ರಾಮ್, ಉಮ್ರಾದ ಸಂಕಲ್ಪ. "ಲಬ್ಬೈಕ್ ಅಲ್ಲಾಹುಮ್ಮ ಲಬ್ಬೈಕ್" ಶುರು.

ಟ. ಸಾಮಾನು ಕಟ್ಟಿಯಾಗಿದೆ. ಮಕ್ಕಾ ಬಿಡುವ ಮುನ್ನ ಕೊನೆಯದಾಗಿ ಏಳು ಸುತ್ತು.

ಡ. ಮಧ್ಯಾಹ್ನದಿಂದ ಸೂರ್ಯಾಸ್ತದವರೆಗೆ ನಿಲುಗಡೆ. ಝುಹ್ರ್ ಮತ್ತು ಅಸ್ರ್ ಒಟ್ಟಿಗೆ. ಪ್ರವಚನ, ಪ್ರಾರ್ಥನೆ, ಪಶ್ಚಾತ್ತಾಪ.

ತ. ಚಿಕ್ಕದು, ನಡುವಿನದು, ದೊಡ್ಡದು: ಕಲ್ಲೆಸೆಯುವ ತಾಣಗಳಾದ ಮೂರೂ ಜಮ್ರಾಗಳಿಗೆ ಏಳೇಳು ಹರಳು, ದಿನಕ್ಕೆ 21.

ದ. ಕೂದಲು ಕತ್ತರಿಸಿ ಮೊದಲ ಇಹ್ರಾಮ್‌ನಿಂದ ಬಿಡುಗಡೆ. ಇನ್ನು ಮಾಮೂಲಿ ಬಟ್ಟೆ, 8ರವರೆಗೆ ಕಾಯುವುದು.

ನ. ಮಾಮೂಲಿ ಬಟ್ಟೆಯಲ್ಲಿ ಏಳು ಸುತ್ತು. ಇದು ಹಜ್ಜಿನ ಕಡ್ಡಾಯ ತವಾಫ್, ಇಫಾದಾ.

ಪ. ಮಕ್ಕಾದಲ್ಲೇ ಮತ್ತೆ ಇಹ್ರಾಮ್. ಮಿನಾದ ಡೇರೆಗಳಿಗೆ ಪ್ರಯಾಣ. ಝುಹ್ರ್‌ನಿಂದ ಮರುದಿನ ಮುಂಜಾವಿನ ಫಜ್ರ್‌ವರೆಗೆ ಐದು ನಮಾಜ್.

ಬ. ದೊಡ್ಡ ಜಮ್ರಾಕ್ಕೆ ಮಾತ್ರ ಏಳು ಹರಳು. ಲಬ್ಬೈಕ್ ಇಲ್ಲಿಗೆ ನಿಲ್ಲುತ್ತದೆ.

ಮ. ಇಹ್ರಾಮ್‌ನಲ್ಲಿ, ಗಂಡಸರ ಬಲಭುಜ ತೆರೆದು, ಏಳು ಸುತ್ತು. ಬಳಿಕ ಮಕಾಮೆ ಇಬ್ರಾಹೀಮ್ ಹಿಂದೆ ಎರಡು ರಕಅತ್, ಝಮ್‌ಝಮ್ ನೀರು.

ಯ. ಮದೀನಾದಲ್ಲಿ ಪ್ರವಾದಿಯವರ ಮಸೀದಿಯ ಸಂದರ್ಶನ.

ರ. ಮಾಮೂಲಿ ಬಟ್ಟೆಯಲ್ಲಿ ಸಫಾ, ಮರ್ವಾ ನಡುವೆ ಏಳು ನಡಿಗೆ.

ಲ. ಗಂಡಸರು ತಲೆ ಬೋಳಿಸುತ್ತಾರೆ ಅಥವಾ ಕೂದಲು ಗಿಡ್ಡ ಮಾಡಿಸುತ್ತಾರೆ. ಹೆಂಗಸರು ತುದಿಯಲ್ಲಿ ಬೆರಳ ಗೆಣ್ಣಿನಷ್ಟು. ಎರಡನೇ ಇಹ್ರಾಮ್ ಸಡಿಲ.

ವ. ಜಬಲುರ್ರಹ್ಮಾ ಬೆಟ್ಟದ ತುದಿಗೆ ಹತ್ತುವುದು.

ಸ. ಪ್ರತಿ ಸುತ್ತಿನಲ್ಲೂ ಕಪ್ಪು ಕಲ್ಲಿಗೆ ಮುತ್ತಿಡಲೇಬೇಕು.

ಅರ್ಥ ಕಾರ್ಡ್‌ಗಳು (ಹಳದಿ)

1. ಶ್ರೀಮಂತ ಯಾರು, ಬಡವ ಯಾರು ಎಂದು ಬಟ್ಟೆ ನೋಡಿ ಹೇಳಲಾಗದು. ಕಡೆಗೆ ಹೊದಿಸುವ ಕಫನಿನ ನೆನಪು.

2. ಕೂಸು ಇಸ್ಮಾಯೀಲರಿಗೆ ಗುಟುಕು ನೀರಿಗಾಗಿ ಎರಡು ಗುಡ್ಡಗಳ ನಡುವೆ ಓಡಿದ ತಾಯಿ ಹಾಜಿರಾ. ನಂಬಿಕೆ ಇದ್ದರೂ ಪ್ರಯತ್ನ ಬಿಡಲಿಲ್ಲ.

3. ಬದುಕಿನ ನಡುವೆ ಒಬ್ಬನೇ ದೇವರು. ಎಲ್ಲ ದಿಕ್ಕಿನಿಂದ ಬಂದವರೂ ಒಂದೇ ಕಡೆಗೆ ತಿರುಗುತ್ತಾರೆ.

4. ತೀರ್ಪಿನ ದಿನ ಹೀಗೆಯೇ ಎಲ್ಲರೂ ಬಯಲಲ್ಲಿ ನಿಲ್ಲಬೇಕು. ಇವತ್ತೇ ಕ್ಷಮೆ ಕೇಳಿಕೊಳ್ಳುವುದು.

5. ದಾರಿ ತಪ್ಪಿಸಲು ಬಂದ ಶೈತಾನನನ್ನು ಇಬ್ರಾಹೀಮರು ಓಡಿಸಿದರು. ಕೆಡುಕನ್ನು ಒಂದು ಸಲ ಅಲ್ಲ, ಮತ್ತೆ ಮತ್ತೆ ದೂರ ಮಾಡಬೇಕು.

6. ಅತಿ ಪ್ರಿಯವಾದುದನ್ನೂ ಬಿಟ್ಟುಕೊಡಲು ಸಿದ್ಧನಾದ ತಂದೆ. ದೇವರಿಗೆ ತಲುಪುವುದು ಮಾಂಸವಲ್ಲ, ರಕ್ತವಲ್ಲ, ಭಕ್ತಿ (ಕುರ್‌ಆನ್ 22:37).

7. ಅಲಂಕಾರ, ಅಹಂಕಾರ ಎರಡನ್ನೂ ಇಳಿಸಿ ಹೊಸದಾಗಿ ಶುರುಮಾಡುವುದು.

8. ಗೋಡೆಯಿಲ್ಲ, ಹಾಸಿಗೆಯಿಲ್ಲ, ಮೇಲೆ ಆಕಾಶ. ನಾಳೆಯ ಹೋರಾಟಕ್ಕೆ ಇವತ್ತೇ ಸಿದ್ಧತೆ.

ಆಡುವ ರೀತಿ

ನೆಲದ ಮೇಲೆ ಸೀಮೆಸುಣ್ಣದಿಂದ ಆರು ಮನೆ ಎಳೆಯಿರಿ: 8ಕ್ಕೆ ಮುಂಚೆ, 8, 9, 10, 11-12, ಹೊರಡುವ ದಿನ. ಬಿಳಿ ಕಾರ್ಡ್‌ಗಳನ್ನು ಕಲಸಿ ಕೊಡಿ. 15 ನಿಮಿಷದಲ್ಲಿ ಗುಂಪು 14 ಕಾರ್ಡನ್ನು ಮನೆಗಳಲ್ಲಿ ಸಾಲಾಗಿಟ್ಟು, ಆಟಕ್ಕೆ ಸೇರದ ಮೂರನ್ನು ಪಕ್ಕಕ್ಕೆ ತೆಗೆಯಬೇಕು. ಮೂರಿವೆ ಎಂದು ಹೇಳಿ, ಯಾವುವೆಂದು ಹೇಳಬೇಡಿ. ತವಾಫ್ ಮೂರು, ಸಫಾ ಮರ್ವಾ ನಡುವಿನ ನಡಿಗೆಯಾದ ಸಈ ಎರಡು ಇರುವುದರಿಂದ ಬಟ್ಟೆಯ ಸುಳಿವನ್ನು ಗಮನಿಸಿದ ಗುಂಪು ಮುಂದಿರುತ್ತದೆ. ಆಮೇಲೆ ಹಳದಿ ಕಾರ್ಡ್, ಹತ್ತು ನಿಮಿಷ. ಒಂದು ಅರ್ಥ ಎರಡು ಮೂರು ವಿಧಿಗಳಿಗೆ ಸಲ್ಲಬಹುದು. ಕಾರಣ ಹೇಳಿದರೆ ಒಪ್ಪಿ.

ಸರಿಯಾದ ಸಾಲು: ಜ, ಮ, ಗ, ದ | ಪ | ಡ | ಕ | ಬ, ಚ, ಲ, ನ, ರ | ತ | ಟ. ಹೊರಗುಳಿಯುವವು ಯ, ವ, ಸ. ಮದೀನಾ ಸಂದರ್ಶನ ಪುಣ್ಯದ ಕೆಲಸ, ಆದರೆ ಹಜ್ಜಿನ ಭಾಗವಲ್ಲ. ಬೆಟ್ಟ ಹತ್ತಬೇಕೆಂದಿಲ್ಲ, ಅರಫಾ ಗಡಿಯೊಳಗೆ ಎಲ್ಲಿದ್ದರೂ ಸಾಕು.

ಅರ್ಥಗಳು: 1 ಜ, ಪ, 2 ಗ, ರ, 3 ಮ, ನ, ಟ, 4 ಡ, 5 ಬ, ತ, 6 ಚ, 7 ದ, ಲ, 8 ಕ.

10ನೇ ದಿನದ ಐದು ಕಾರ್ಡ್‌ಗಳ ವಿಷಯದಲ್ಲಿ ಹಠ ಹಿಡಿಯಬೇಡಿ. ಆ ದಿನ ಹಿಂದುಮುಂದಾಗಿ ಮಾಡಿದವರು ಬಂದು ಕೇಳಿದಾಗ ಪ್ರವಾದಿಯವರು "ಮಾಡಿ, ತೊಂದರೆಯಿಲ್ಲ" ಎಂದರು. ತಮತ್ತುಅ್ ಮಾಡುವವರಿಗೆ ಎಸೆತ, ಬಲಿ, ಮುಂಡನ ಇದೇ ಕ್ರಮದಲ್ಲಿ ಆಗಬೇಕೆಂಬುದು ಇಸ್ಲಾಮಿನ ಧರ್ಮಶಾಸ್ತ್ರ ಪಂಥಗಳಲ್ಲಿ ಒಂದಾದ ಹನಫಿ ಮತದ ನಿಲುವು. ಬೇರೆ ಮತಗಳಲ್ಲಿ ಸಡಿಲಿಕೆಯಿದೆ. ಮನೆಯಲ್ಲಿ ಬೇರೆ ಕೇಳಿ ಬಂದ ಮಗುವಿನ ಉತ್ತರವನ್ನು ತಪ್ಪೆಂದು ಗೀಚಬೇಡಿ.

ಎರಡನೇ ಪೀರಿಯಡ್: "ಎಲ್ಲಿ ತಪ್ಪಿತು?" ಚೀಟಿಗಳು

ಗುಂಪಿಗೊಂದು ಚೀಟಿ, ಐದು ನಿಮಿಷ ಚರ್ಚೆ, ಒಬ್ಬರು ನಿಂತು ಉತ್ತರ. ಉತ್ತರಗಳು ಶಿಕ್ಷಕರ ಹಾಳೆಯಲ್ಲಿ ಮಾತ್ರ ಇರಲಿ.

ಒಬ್ಬರು ಸಫಾದಿಂದ ಹೋಗಿ ಬಂದದ್ದನ್ನು ಒಂದು ಎಂದು ಎಣಿಸಿದರು. — ಹೋಗುವುದು ಒಂದು, ಬರುವುದು ಒಂದು. ಹೀಗೆ ಏಳು ಎಣಿಸಿದರೆ 14 ನಡಿಗೆಯಾಗುತ್ತದೆ. ಏಳಕ್ಕೇ ಸಈ ಮುಗಿದಿತ್ತು, ಮಿಕ್ಕಿದ್ದು ಬರೀ ದಣಿವು. ಸಫಾದಲ್ಲಿ ಮುಗಿದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಜನಸಂದಣಿ ತಪ್ಪಿಸಲು ಒಬ್ಬರು ತವಾಫ್‌ನಲ್ಲಿ ಅರ್ಧಚಂದ್ರಾಕಾರದ ಗಿಡ್ಡ ಗೋಡೆಯ ಒಳಗಿಂದ ಹಾದುಹೋದರು. — ಅದು ಹತೀಮ್, ಕಾಬಾದ್ದೇ ಭಾಗ. ಹೊರಗಿಂದ ಸುತ್ತದಿದ್ದರೆ ಆ ಸುತ್ತು ಪೂರ್ತಿಯಾಗದು.

ಏಳೂ ಹರಳನ್ನು ಒಂದೇ ಮುಷ್ಟಿಯಲ್ಲಿ ಎಸೆದರು. — ಒಂದೇ ಎಂದು ಲೆಕ್ಕ, ಇನ್ನಾರು ಬಾಕಿ. ಒಟ್ಟು ಎಷ್ಟು ಬೇಕು ಎಂದೂ ಕೇಳಿ: 12ಕ್ಕೆ ಹೊರಟರೆ 7+21+21=49, 13ರವರೆಗೆ ಉಳಿದರೆ 70. ಚಪ್ಪಲಿ, ದೊಡ್ಡ ಕಲ್ಲು ಎಸೆಯುವುದು ವಿಧಿಯಲ್ಲ, ಮುಂದಿರುವವರ ತಲೆಗೆ ಅಪಾಯ. ಹಿಂದೆ ಕಂಬಗಳಿದ್ದ ಜಾಗದಲ್ಲಿ 2004ರಿಂದ ಉದ್ದನೆಯ ಗೋಡೆಗಳಿವೆ.

9ರಂದು ಒಬ್ಬರು ಇಡೀ ಹೊತ್ತು ನಮಿರಾ ಮಸೀದಿಯ ಮುಂಭಾಗದಲ್ಲೇ ಕೂತು, ಸಂಜೆ ನೇರವಾಗಿ ಮುಝ್ದಲಿಫಾಕ್ಕೆ ಹೋದರು. — ಮಸೀದಿಯ ಮುಂಭಾಗ ಅರಫಾ ಗಡಿಯ ಹೊರಗಿದೆ, ಒಳಗೆ ಸೂಚನಾಫಲಕಗಳೂ ಇವೆ. 10ರ ಫಜ್ರ್‌ಗೆ ಮುನ್ನ ಸ್ವಲ್ಪ ಹೊತ್ತಾದರೂ ಗಡಿಯೊಳಗೆ ಹೋಗಿ ಬಂದರೆ ಹಜ್ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಒಬ್ಬರು ಸೂರ್ಯ ಮುಳುಗುವ ಮೊದಲೇ ಅರಫಾ ಬಿಟ್ಟರು. — ಹನಫಿ, ಹಂಬಲಿ ಮತಗಳಲ್ಲಿ ಹಜ್ ಸಿಂಧು, ಆದರೆ ಮರಳಿ ಬಾರದಿದ್ದರೆ ದಮ್ ಕೊಡಬೇಕು.

ಹೊರಡುವ ಹೊತ್ತಿಗೆ ಒಬ್ಬ ಮಹಿಳೆಗೆ ಮುಟ್ಟಾಯಿತು, ವಿಮಾನ ರಾತ್ರಿಗೇ ಇದೆ. — ವಿದಾಯ ತವಾಫ್‌ನಿಂದ ಆಕೆಗೆ ವಿನಾಯಿತಿ ಇದೆ, ಹೊರಡಬಹುದು. ಇಫಾದಾ ತವಾಫ್ ಇನ್ನೂ ಆಗಿಲ್ಲದಿದ್ದರೆ ಆ ವಿನಾಯಿತಿ ಅದಕ್ಕೆ ಅನ್ವಯಿಸದು. ಕಾರ್ಡ್ ನ ಮತ್ತು ಟ ಪಕ್ಕಪಕ್ಕ ಇಟ್ಟು ಈ ವ್ಯತ್ಯಾಸವನ್ನು ತೋರಿಸಿ.