ಜಂಟಿ ವ್ಯವಹಾರದಿಂದ ಹಿಂದೆ ಸರಿಯುವ ನೋಟಿಸ್

ತೀರ್ಥಹಳ್ಳಿ, 2025 ಜೂನ್ 2
(ರಿಜಿಸ್ಟರ್ಡ್ ಪೋಸ್ಟ್ ಮೂಲಕ; ಒಂದು ಪ್ರತಿ ಕೈಯಲ್ಲಿ)

ಇಂದ: ಅಡಿಕೆ ಸುಲಿದು ಬೇಯಿಸುವ ನಮ್ಮ ಸಂಸ್ಥೆ, ತೀರ್ಥಹಳ್ಳಿ
ಗೆ: ಅಡಿಕೆ ವ್ಯಾಪಾರದ ನಿಮ್ಮ ಸಂಸ್ಥೆ, ಸಾಗರ

ಮಾನ್ಯ ಮಂಜಪ್ಪನವರೇ,

ನಮಸ್ಕಾರ. 2021ರ ಸೆಪ್ಟೆಂಬರ್ 1ರಂದು ನಾವಿಬ್ಬರೂ ಸಹಿ ಹಾಕಿದ ಜಂಟಿ ವ್ಯವಹಾರದ ಕರಾರಿನಿಂದ ನಮ್ಮ ಸಂಸ್ಥೆ ಹಿಂದೆ ಸರಿಯುತ್ತಿದೆ. ಕರಾರಿನ 14ನೇ ಕಲಮಿನಂತೆ 90 ದಿನ ಮೊದಲೇ ತಿಳಿಸಬೇಕು. ಇವತ್ತಿನಿಂದ ಲೆಕ್ಕ ಹಾಕಿದರೆ 2025ರ ಆಗಸ್ಟ್ 31 ನಮ್ಮ ಕೊನೆಯ ದಿನ.

ಕಾರಣ ನಿಮಗೂ ಗೊತ್ತಿದೆ. ಹೋದ ದೀಪಾವಳಿ ಹೊತ್ತಿಗೆ ಎರಡನೇ ಸುಲಿಯುವ ಯಂತ್ರದ ಬ್ಲೇಡು ಮುರಿದು, ರೈತರ ಹಸಿ ಅಡಿಕೆ ನಾಲ್ಕು ದಿನ ತಾಡಪಾಲಿನ ಕೆಳಗೆ ರಾಶಿ ಬಿದ್ದಿತ್ತು. ಕೈ ಹಾಕಿದರೆ ಒಳಗೆ ಬಿಸಿ. ರಿಪೇರಿ ದುಡ್ಡು ಯಾರು ಕೊಡಬೇಕು ಅಂತ ನಾವು ಫೋನಿನಲ್ಲಿ ವಾದ ಮಾಡುತ್ತಿದ್ದೆವು. ನಷ್ಟ ಆಗಿದ್ದು ರೈತರಿಗೆ. ತಪ್ಪು ನಿಮ್ಮದೊಂದೇ ಅಂತ ನಾವು ಹೇಳುತ್ತಿಲ್ಲ. ಆದರೆ ಇನ್ನೊಂದು ಸುಗ್ಗಿ ಹೀಗೆ ಕಳೆಯಲು ನಮ್ಮಿಂದ ಆಗದು.

ಹಾಗಾಗಿ ಮೊದಲು ಚೇಣಿ ವಿಷಯ. ಈ ಬೆಳೆಗೆ ಆರು ತೋಟಗಳಿಗೆ ಒಟ್ಟು ₹4,80,000 ಮುಂಗಡ ಕೊಟ್ಟಿದ್ದೇವೆ, ಇಬ್ಬರದೂ ಅರ್ಧರ್ಧ. ಆನಂದಪುರ ಕಡೆಯ ನಾಲ್ಕು ತೋಟಗಳನ್ನು (ಮುಂಗಡ ₹3,10,000) ನೀವು ನೋಡಿಕೊಳ್ಳಿ. ಕೋಣಂದೂರು ಕಡೆಯ ಎರಡನ್ನು (₹1,70,000) ನಾವು ನೋಡಿಕೊಳ್ಳುತ್ತೇವೆ. ಈ ಲೆಕ್ಕದಲ್ಲಿ ನಿಮ್ಮಿಂದ ನಮಗೆ ₹70,000 ಬರಬೇಕು. ಕೊಯ್ಲು ಶುರುವಾಗುವ ಮೊದಲೇ ಆರೂ ಮನೆಗೆ ಇಬ್ಬರೂ ಒಟ್ಟಿಗೆ ಹೋಗಿ ಹೇಳೋಣ. ಮಾತಾದ ದರದಲ್ಲಿ ಒಂದು ರೂಪಾಯಿ ಕೂಡ ಬದಲಾಗಬಾರದು. ಇದರಲ್ಲಿ ನಮ್ಮದು ರಾಜಿ ಇಲ್ಲ.

ಗೋದಾಮಿನಲ್ಲಿ ಹಳೆ ಬೆಳೆಯ 42 ಕ್ವಿಂಟಾಲ್ ರಾಶಿ ಅಡಿಕೆ ಇದೆ. ಅದನ್ನು ಜುಲೈ 15ರೊಳಗೆ ಮಾರಿ ದುಡ್ಡು ಸಮ ಹಂಚಿಕೊಳ್ಳೋಣ. ದರ ಇನ್ನೂ ಏರುತ್ತೆ ಅಂತ ಕಾಯುವುದು ಬೇಡ. ಹೋದ ವರ್ಷ ಕಾದು ಏನಾಯಿತು ಅಂತ ನೆನಪಿದೆ ಅಲ್ವಾ? ಅದಲ್ಲದೆ ಮಳೆಗಾಲದ ತೇವಕ್ಕೆ ಬೂಷ್ಟು ಬಂದರೆ ಇಬ್ಬರಿಗೂ ನಷ್ಟ.

ಸುಲಿಯುವ ಯಂತ್ರ ಎರಡಿವೆ, ತಲಾ ಒಂದು. ಬ್ಲೇಡು ಮುರಿದಿದ್ದು ನಮಗೇ ಇರಲಿ. 2022ರಲ್ಲಿ ₹6,20,000 ಕೊಟ್ಟು ತಂದ ಡ್ರೈಯರ್ ನಿಮ್ಮ ಅಂಗಳದಲ್ಲೇ ಕೂತಿದೆ, ಎತ್ತಿ ತರುವ ಖರ್ಚೇ ಜಾಸ್ತಿ. ಅದನ್ನು ನೀವೇ ಇಟ್ಟುಕೊಳ್ಳಿ. ಇಬ್ಬರೂ ಒಪ್ಪುವ ಮೆಕ್ಯಾನಿಕ್ ಈಗಿನ ಬೆಲೆ ಕಟ್ಟಲಿ, ಅರ್ಧ ನಮಗೆ ಕೊಡಿ. ಪಿಕಪ್ ಗಾಡಿಯ ಆರ್‌ಸಿ ನಮ್ಮ ಹೆಸರಲ್ಲಿದೆ. ಬಾಕಿ 11 ಕಂತು ನಾವೇ ಕಟ್ಟುತ್ತೇವೆ. ಈವರೆಗೆ ನೀವು ಕಟ್ಟಿದ ಪಾಲನ್ನು ಗಾಡಿಯ ಸವಕಳಿ ಕಳೆದು ವಾಪಸ್ ಕೊಡುತ್ತೇವೆ. ಹಂಡೆ, ಚಪ್ಪರದ ತಗಡು, ತಕ್ಕಡಿಯಂಥ ಚಿಲ್ಲರೆ ಸಾಮಾನಿಗೆ ಜಗಳ ಬೇಡ, ಪಟ್ಟಿ ಲಗತ್ತಿಸಿದ್ದೇವೆ.

ಶಿವಮೊಗ್ಗದ ಗೋದಾಮಿನ ಬಾಡಿಗೆ ಕರಾರು ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಮುಂದುವರಿಸುವ ಮನಸ್ಸಿದ್ದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ₹1,50,000 ಡಿಪಾಸಿಟ್‌ನಲ್ಲಿ ನಮ್ಮ ಅರ್ಧ ಕೊಡಿ. ಜಂಟಿ ಬ್ಯಾಂಕ್ ಖಾತೆಯಿಂದ ಇವತ್ತಿನಿಂದ ಇಬ್ಬರ ಸಹಿ ಇಲ್ಲದೆ ಯಾವ ಚೆಕ್ಕೂ ಹೋಗಕೂಡದು. ಬ್ಯಾಂಕಿಗೂ ಪತ್ರ ಕೊಟ್ಟಿದ್ದೇವೆ. ಜಂಟಿ ಹೆಸರಿನ ಜಿಎಸ್‌ಟಿ ನೋಂದಣಿ ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಹಾಕಬೇಕು. ಅದನ್ನು ನಮ್ಮ ಲೆಕ್ಕಪರಿಶೋಧಕರು ಮಾಡುತ್ತಾರೆ, ಫೀಸು ಅರ್ಧರ್ಧ.

ಇನ್ನು ಗುಟ್ಟಿನ ಮಾತು. 19ನೇ ಕಲಮಿನ ಪ್ರಕಾರ ಬಿಟ್ಟ ಮೇಲೂ ಮೂರು ವರ್ಷ ಬಾಯಿ ಮುಚ್ಚಿಕೊಂಡಿರುವ ಹೊಣೆ ಇಬ್ಬರದೂ. ಕಪ್ಪು ರಟ್ಟಿನ ಪುಸ್ತಕದಲ್ಲಿ ಯಾವ ರೈತರಿಗೆ ಯಾವ ದರ, ಯಾರ ಮನೆಗೆ ಎಷ್ಟು ಸಾಲ ಅಂತ ಇದೆ. ಅದು ರೈತರ ಮನೆ ವಿಷಯ, ಮೂರನೆಯವರ ಕೈಗೆ ಹೋಗಬಾರದು. ನಿಮಗೆ ನಿಮ್ಮ ಕಡೆಯ ಪುಟಗಳ ಜೆರಾಕ್ಸ್, ನಮಗೆ ನಮ್ಮವು. ಮೂಲ ಪುಸ್ತಕ ಲೆಕ್ಕ ಮುಗಿಯುವವರೆಗೆ ಲೆಕ್ಕಪರಿಶೋಧಕರ ಬಳಿ ಇರಲಿ. ನಮ್ಮ ಚೊಗರಿನ ಅಳತೆ ನಿಮ್ಮ ಹುಡುಗರಿಗೆ ಗೊತ್ತಿದೆ. ಅದು ಹೊರಗೆ ಹೋಗದಂತೆ ನೋಡಿಕೊಳ್ಳಿ. ನಿಮ್ಮ ಖರೀದಿದಾರರ ಪಟ್ಟಿಯನ್ನು ನಾವು ಅಳಿಸುತ್ತೇವೆ. ಹಳೆ ವಾಟ್ಸಾಪ್ ಗುಂಪು ಆಗಸ್ಟ್ 31ಕ್ಕೆ ಮುಚ್ಚಲಿ, ಲೆಕ್ಕದ ಕಂಪ್ಯೂಟರಿನ ಪಾಸ್‌ವರ್ಡ್ ಅವತ್ತೇ ಬದಲಾಗಲಿ. ಹಾಗಂತ ಅಡಿಕೆ ವ್ಯಾಪಾರವನ್ನೇ ಮಾಡಬೇಡಿ ಅಂತ ಯಾರೂ ಯಾರಿಗೂ ಹೇಳುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಅಂಥ ಷರತ್ತನ್ನು ಒಪ್ಪುವುದಿಲ್ಲ. ಮಾರುಕಟ್ಟೆಯಲ್ಲಿ ಎದುರಾದರೆ ಎದುರಾಗೋಣ.

ಆಗಸ್ಟ್ 31ರವರೆಗೆ ಆದ ವ್ಯವಹಾರದ ಸಾಲಕ್ಕೆ, ತೆರಿಗೆಗೆ ನಮ್ಮ ಪಾಲಿನ ಹೊಣೆ ನಮ್ಮದೇ. ಆಮೇಲೆ ನಮ್ಮ ಹೆಸರಿನಲ್ಲಿ ಮುಂಗಡ ಕೊಡುವುದು, ಚೀಟಿ ಬರೆಯುವುದು ಬೇಡ. ಮಂಡಿಯವರಿಗೂ ಸಾಲ ಕೊಟ್ಟವರಿಗೂ ಪ್ರತ್ಯೇಕ ಪತ್ರ ಕಳಿಸುತ್ತಿದ್ದೇವೆ. ಲೆಕ್ಕದಲ್ಲಿ ಒಮ್ಮತ ಆಗದಿದ್ದರೆ ಕರಾರಿನಲ್ಲಿ ಹೇಳಿದಂತೆ ಮಧ್ಯಸ್ಥರ ಬಳಿ ಹೋಗೋಣ, ಕೋರ್ಟಿಗೆ ಆಮೇಲೆ.

ಜೂನ್ 15ರ ಭಾನುವಾರ ಬೆಳಗ್ಗೆ 10ಕ್ಕೆ ಗೋದಾಮಿನಲ್ಲಿ ಸಿಗೋಣ. ಅಷ್ಟರೊಳಗೆ ಒಪ್ಪಿಗೆ ಅಥವಾ ಆಕ್ಷೇಪಣೆ ಬರೆದು ಕಳಿಸಿ. ಬರುವಾಗ ಗೋದಾಮಿನ ಎರಡನೇ ಬೀಗದ ಕೈ ತನ್ನಿ, ಅದು ನಿಮ್ಮ ಹತ್ತಿರವೇ ಇದೆ.

ಇಂತಿ,
ತೀರ್ಥಹಳ್ಳಿ ಸಂಸ್ಥೆಯ ಎಲ್ಲ ಪಾಲುದಾರರ ಪರವಾಗಿ,
ಸುಬ್ಬಣ್ಣ, ವ್ಯವಸ್ಥಾಪಕ ಪಾಲುದಾರ

ಲಗತ್ತು: ಕರಾರಿನ ಪ್ರತಿ, ಸಾಮಾನಿನ ಪಟ್ಟಿ, ಚೇಣಿ ಮುಂಗಡದ ಲೆಕ್ಕ, ಮೇ 31ರವರೆಗಿನ ಬ್ಯಾಂಕ್ ವಿವರ